ಫೋಟೋ ತಿರುಗಿಸಿದರೆ ಕೇಶವ ಮಾಧವನಾಗ್ತಾನೆ: ಶಿಲ್ಪದ ಮೇಲೆ ಪೋಸ್ಟರ್ ಮಾಡೋರಿಗೆ ಒಂದಷ್ಟು ಮಾತು

ಹೊಯ್ಸಳ ಶಿಲ್ಪದ ಕೈಯಲ್ಲಿ ಟೆಲಿಸ್ಕೋಪ್ ಇದೆ ಅನ್ನೋ ಫಾರ್ವರ್ಡ್ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತೆ. ಅದನ್ನು ನೋಡಿ ನಗೋದು ಸುಲಭ. ಆದರೆ ಮುಂದಿನ ಪ್ರಶ್ನೆ ಅಷ್ಟು ಸುಲಭದ್ದಲ್ಲ: ಆ ಕೈಯಲ್ಲಿ ಇರೋದು ಟೆಲಿಸ್ಕೋಪ್ ಅಲ್ಲ ಅಂತಾದರೆ ಮತ್ತೇನು, ಅದನ್ನು ನಾವು ಹೇಗೆ ಗುರುತಿಸಿದೆವು, ಬೇರೆಯವರು ಅದನ್ನು ಹೇಗೆ ಪರೀಕ್ಷಿಸಬಹುದು? ಕಾಲೇಜು ವಿಚಾರ ಸಂಕಿರಣಗಳಲ್ಲಿ ಪ್ರತಿಮಾಲಕ್ಷಣದ ಮೇಲೆ ಬರೋ ಪೋಸ್ಟರ್‌ಗಳಲ್ಲಿ ಬಹುಪಾಲು ಈ ಪ್ರಶ್ನೆಗೆ ಉತ್ತರ ಕೊಡೋದಿಲ್ಲ. ಹತ್ತು ಚೆಂದದ ಫೋಟೋ, ಪ್ರತಿಯೊಂದರ ಕೆಳಗೆ ಒಂದು ದೇವರ ಹೆಸರು, ಮೂಲೆಯಲ್ಲಿ 'ನಮ್ಮ ಹೆಮ್ಮೆಯ ಪರಂಪರೆ' ಅನ್ನೋ ಸಾಲು. ಹೆಸರು ಎಲ್ಲಿಂದ ಬಂತು ಅನ್ನೋದು ಮಾತ್ರ ಹಾಳೆಯ ಮೇಲೆ ಎಲ್ಲೂ ಇರೋದಿಲ್ಲ.

ಕೆಲವು ವರ್ಷಗಳಿಂದ ಇಂಥ ಪೋಸ್ಟರ್‌ಗಳನ್ನು ಮಾಡೋ ವಿದ್ಯಾರ್ಥಿಗಳ ಜೊತೆ ಕೂತು ಕರಡು ತಿದ್ದುತ್ತಾ ಬಂದಿದ್ದೇನೆ. ಈ ಲೇಖನದಲ್ಲಿ ಒಂದೇ ಉದಾಹರಣೆಯನ್ನು ಇಟ್ಟುಕೊಂಡು, ಗೋಡೆಯ ಮುಂದೆ ನಿಲ್ಲೋದರಿಂದ ಹಿಡಿದು ಪ್ರಿಂಟ್ ತೆಗೆಯೋವರೆಗೆ ಹೋಗೋಣ. ಉದಾಹರಣೆ ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯದ್ದು. 13ನೇ ಶತಮಾನದಲ್ಲಿ, ಹೊಯ್ಸಳ ದೊರೆ 3ನೇ ನರಸಿಂಹನ ಕಾಲದಲ್ಲಿ, ಸೋಮನಾಥ ಅನ್ನೋ ದಂಡನಾಯಕ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿ ಸೇರಿದ್ದು.

ಪ್ರಶ್ನೆ ಒಂದೇ ಇರಲಿ

'ಸೋಮನಾಥಪುರದ ಶಿಲ್ಪಕಲೆ' ಅನ್ನೋದು ಪುಸ್ತಕದ ವಿಷಯ, ಪೋಸ್ಟರಿನದ್ದಲ್ಲ. ಪೋಸ್ಟರ್ ಮುಂದೆ ಜನ ನಿಲ್ಲೋದು ಹೆಚ್ಚಂದ್ರೆ ಮೂರ್ನಾಲ್ಕು ನಿಮಿಷ. ಅಷ್ಟರಲ್ಲಿ ಹೇಳಿ, ತೋರಿಸಿ, ಎದುರಿಗಿರೋರು 'ಹೌದಲ್ಲ' ಅನ್ನೋ ಹಾಗೆ ಮಾಡಬಹುದಾದ ಪ್ರಶ್ನೆ ಬೇಕು.

ಈ ದೇವಾಲಯದ ಗೋಡೆ ಅಂಥದ್ದೊಂದನ್ನು ಕೈಗೇ ಕೊಡುತ್ತೆ. ಹೊರಗೋಡೆಯ ಸುತ್ತ ನಡೆದರೆ ವಿಷ್ಣು ಮತ್ತೆ ಮತ್ತೆ ಎದುರಾಗ್ತಾನೆ. ನೆಟ್ಟಗೆ ನಿಂತಿದ್ದಾನೆ, ನಾಲ್ಕು ಕೈ, ಎತ್ತರದ ಕಿರೀಟ, ಮೈತುಂಬಾ ಒಡವೆ. ಮೊದಲ ನೋಟಕ್ಕೆ ಎಲ್ಲ ಒಂದೇ. ಹಾಗಾದರೆ ಒಂದೇ ಗೋಡೆ ಮೇಲೆ ಅದೇ ದೇವರನ್ನು ಇಷ್ಟು ಸಲ ಯಾಕೆ ಕೆತ್ತಿದರು? ಅವು ಒಂದೇ ಅಲ್ಲ ಅನ್ನೋದು ಉತ್ತರ. ಕೈಗಳಲ್ಲಿರೋ ಶಂಖ, ಚಕ್ರ, ಗದೆ, ಪದ್ಮಗಳ ಜಾಗ ಬದಲಾಗುತ್ತೆ, ಅದರ ಜೊತೆ ಹೆಸರೂ ಬದಲಾಗುತ್ತೆ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗೆ ಹಂಚೋಕೆ ಇರೋ ದಾರಿಗಳು 4×3×2×1, ಅಂದ್ರೆ 24. ಶಾಸ್ತ್ರಗ್ರಂಥಗಳು ಆ 24ಕ್ಕೂ ಒಂದೊಂದು ಹೆಸರು ಕೊಟ್ಟಿವೆ: ಕೇಶವ, ನಾರಾಯಣ, ಮಾಧವ, ಗೋವಿಂದ, ಹೀಗೆ ಸಾಗುತ್ತೆ. ಇದನ್ನೇ ಚತುರ್ವಿಂಶತಿ ಮೂರ್ತಿಗಳು ಅನ್ನೋದು.

ಇಲ್ಲೊಂದು ವಿಷಯ ನೇರವಾಗಿ ಹೇಳಬೇಕು. ಈ 24 ಹೆಸರು ಸಂಧ್ಯಾವಂದನೆಯಲ್ಲಿ ಬರುತ್ತವೆ. ಅಂದ್ರೆ ಕೆಲವು ಮನೆಗಳ ಹುಡುಗರಿಗೆ ಇವು ಚಿಕ್ಕಂದಿನಿಂದ ಬಾಯಿಪಾಠ. ಉಳಿದವರಿಗೆ, ಎಲ್ಲ ಮನೆಗಳ ಹುಡುಗಿಯರಿಗೂ ಸೇರಿ, ಇದು ಹೊರಗಿನ ವಿದ್ಯೆ. ಹಾಗಾಗಿ ಸಂಕಿರಣಗಳಲ್ಲಿ ಪ್ರತಿಮಾಲಕ್ಷಣ ಅಂದ್ರೆ 'ನಮ್ಮ ಮನೇಲಿ ಗೊತ್ತಿರೋದು' ಅನ್ನೋ ಧಾಟಿ ಬಂದುಬಿಡುತ್ತೆ. ಪೋಸ್ಟರಿನಲ್ಲಿ ಓದೋ ಕ್ರಮವನ್ನೇ ಬಿಡಿಸಿಟ್ಟರೆ ಆ ಮೇಲುಗೈ ಹೋಗುತ್ತೆ. ಯಾವ ಮನೆಯಿಂದ ಬಂದವರಾದರೂ ಶಿಲ್ಪದ ಮುಂದೆ ನಿಂತು ಎಣಿಸಿ, ಹೆಸರು ಸರಿಯೋ ತಪ್ಪೋ ಹೇಳಬಹುದು. ನನ್ನ ಮಟ್ಟಿಗೆ ಪೋಸ್ಟರ್ ಮಾಡಬೇಕಾದ ಕೆಲಸ ಇದೇ.

ಎಣಿಸೋದು ಎಲ್ಲಿಂದ?

ಕ್ರಮ ಇಷ್ಟೇ. ದೇವರ ಕೆಳಗಿನ ಬಲಗೈಯಿಂದ ಶುರು. ಅಲ್ಲಿಂದ ಮೇಲಿನ ಬಲಗೈ, ಆಮೇಲೆ ಮೇಲಿನ ಎಡಗೈ, ಕೊನೆಗೆ ಕೆಳಗಿನ ಎಡಗೈ. ಎದುರು ನಿಂತ ನಮಗೆ ಇದು ಗಡಿಯಾರದ ಮುಳ್ಳಿನ ಹಾಗೆ, ಪ್ರದಕ್ಷಿಣೆಯಾಗಿ ಕಾಣುತ್ತೆ. ಈ ಕ್ರಮದಲ್ಲಿ ಓದಿದರೆ ಮೊದಲ ನಾಲ್ಕು ಮೂರ್ತಿಗಳು ಹೀಗೆ ಬರುತ್ತವೆ:

ಕೇಶವ: ಪದ್ಮ, ಶಂಖ, ಚಕ್ರ, ಗದೆ
ನಾರಾಯಣ: ಶಂಖ, ಪದ್ಮ, ಗದೆ, ಚಕ್ರ
ಮಾಧವ: ಗದೆ, ಚಕ್ರ, ಶಂಖ, ಪದ್ಮ
ಗೋವಿಂದ: ಚಕ್ರ, ಗದೆ, ಪದ್ಮ, ಶಂಖ

ಇದನ್ನು ಉರು ಹೊಡೆಯೋದು ಬೇಡ. ಗೋಡೆ ಮುಂದೆ ನಿಂತಾಗ ಕೈಯಲ್ಲಿ ಒಂದು ಪುಸ್ತಕ, ಅದರಲ್ಲಿ ಪ್ರತಿ ಶಿಲ್ಪಕ್ಕೂ ನಾಲ್ಕು ಖಾಲಿ ಚೌಕ ಇರಲಿ. ಹೆಸರು ಬರೆಯಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ. ಹೆಸರು ಮೊದಲು ತಲೆಗೆ ಬಂದರೆ ಕಣ್ಣು ಅದಕ್ಕೆ ತಕ್ಕ ಹಾಗೆ ನೋಡೋಕೆ ಶುರು ಮಾಡುತ್ತೆ. ಮೊಗ್ಗಿನ ತುದಿ ಶಂಖದ ಹಾಗೆ, ಶಂಖದ ಬುಡ ಮೊಗ್ಗಿನ ಹಾಗೆ ಕಾಣೋದು ಸವೆದ ಬಳಪದ ಕಲ್ಲಿನಲ್ಲಿ ತೀರಾ ಸಾಮಾನ್ಯ.

ಫೋಟೋ ತೆಗೆಯೋಕೂ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಇಡೀ ಶಿಲ್ಪ, ಆಮೇಲೆ ಒಂದೊಂದೇ ಕೈ, ಕೊನೆಗೆ ಪೀಠ. ಶಿಲ್ಪಗಳಿಗೆ ಪ್ರದಕ್ಷಿಣೆಯ ಕ್ರಮದಲ್ಲಿ ನಂಬರು ಕೊಟ್ಟು ಆ ನಂಬರನ್ನೇ ಪುಸ್ತಕದಲ್ಲೂ ಬರೆಯಿರಿ. ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ, ಗರ್ಭಗುಡಿಗಳ ಸುತ್ತಿನ ದೊಡ್ಡ ಶಿಲ್ಪಗಳು ಇರೋದು ಹಿಂಭಾಗದಲ್ಲಿ. ಹಾಗಾಗಿ ಪಶ್ಚಿಮದ ಗೋಡೆಗೆ ಓರೆ ಬಿಸಿಲು ಬೇಕಂದ್ರೆ ಮಧ್ಯಾಹ್ನದ ನಂತರ ಹೋಗಿ. ನೇರ ಬೆಳಕಿನಲ್ಲಿ ಕೆತ್ತನೆಯ ಆಳ ಚಪ್ಪಟೆಯಾಗಿಬಿಡುತ್ತೆ. ಇದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ, ಟ್ರೈಪಾಡ್ ಅಥವಾ ಲೈಟ್ ಬೇಕಾದರೆ ಮೊದಲೇ ಅನುಮತಿ ಕೇಳಿ.

ಬಲ ಯಾರ ಬಲ?

ಅತಿ ಹೆಚ್ಚು ತಪ್ಪಾಗೋ ಜಾಗ ಇದು. ಎದುರು ನಿಂತವರ ಎಡಕ್ಕೆ ಇರೋದು ದೇವರ ಬಲಗೈ. ಇದು ಎಲ್ಲರಿಗೂ ಗೊತ್ತು, ಆದರೂ ಫೋಟೋ ಕಂಪ್ಯೂಟರಿಗೆ ಹೋದ ಮೇಲೆ ಮರೆತುಹೋಗುತ್ತೆ.

ಒಬ್ಬ ವಿದ್ಯಾರ್ಥಿನಿಯ ಕರಡಿನಲ್ಲಿ ಕಂಡದ್ದನ್ನು ಹೇಳ್ತೇನೆ. ಹಾಳೆಯ ಎಡಕ್ಕೊಂದು, ಬಲಕ್ಕೊಂದು ಶಿಲ್ಪ. ಎರಡೂ ಒಳಮುಖವಾಗಿ ನೋಡ್ತಿದ್ದರೆ ಚೆಂದ ಅಂತ ಡಿಸೈನ್ ಮಾಡಿಕೊಟ್ಟ ಗೆಳೆಯ ಬಲಗಡೆಯ ಫೋಟೋವನ್ನು ಅಡ್ಡಕ್ಕೆ ತಿರುಗಿಸಿದ್ದ, ಅಂದ್ರೆ ಫ್ಲಿಪ್ ಮಾಡಿದ್ದ. ಅವಳ ಪುಸ್ತಕದಲ್ಲಿ ಆ ಶಿಲ್ಪಕ್ಕೆ 'ಪದ್ಮ, ಶಂಖ, ಚಕ್ರ, ಗದೆ' ಅಂತಿತ್ತು, ಅಂದ್ರೆ ಕೇಶವ. ಹಾಳೆಯ ಮೇಲಿನ ಫೋಟೋವನ್ನು ನಾನು ಎಣಿಸಿದಾಗ ಗದೆ, ಚಕ್ರ, ಶಂಖ, ಪದ್ಮ ಬಂತು. ಮೇಲಿನ ಪಟ್ಟಿ ನೋಡಿ: ಅದು ಮಾಧವ.

ಇದು ಆಕಸ್ಮಿಕ ಅಲ್ಲ. ಕೇಶವನ ಕ್ರಮವನ್ನು ಹಿಂದುಮುಂದಾಗಿ ಓದಿದರೆ ಸಿಗೋದು ಮಾಧವನ ಕ್ರಮ. ನಾರಾಯಣನನ್ನು ಹಿಂದುಮುಂದು ಮಾಡಿದರೆ ಗೋವಿಂದ. ಕನ್ನಡಿಯಲ್ಲಿ 24ರಲ್ಲಿ ಯಾವ ಮೂರ್ತಿಯೂ ಅದೇ ಮೂರ್ತಿಯಾಗಿ ಉಳಿಯೋದಿಲ್ಲ, ಪ್ರತಿಯೊಂದೂ ಇನ್ನೊಂದಾಗುತ್ತೆ. ಬೇರೆ ಬಹುಪಾಲು ವಿಷಯಗಳಲ್ಲಿ ಫೋಟೋ ಫ್ಲಿಪ್ ಮಾಡೋದು ಬರೀ ಅಂದಚೆಂದದ ಮಾತು. ಇಲ್ಲಿ ಅದು ದತ್ತಾಂಶವನ್ನೇ ಬದಲಾಯಿಸುತ್ತೆ. ಅದಕ್ಕಿಂತ ಅಪಾಯದ ಸಂಗತಿ ಅಂದ್ರೆ, ಈ ತಪ್ಪು ತಪ್ಪಿನ ಹಾಗೆ ಕಾಣೋದೇ ಇಲ್ಲ. ತಿರುಗಿಸಿದ ಮೇಲೂ ಪಟ್ಟಿಯಲ್ಲಿರೋ ಒಂದು ಹೆಸರೇ ಸಿಗುತ್ತೆ. ಎಡಬಲ ಅದಲುಬದಲು ಮಾಡಿ ಎಣಿಸಿದರೂ ಇದೇ ಕತೆ.

ಹಾಗಾದರೆ ಫೋಟೋ ತಿರುಗಿದೆ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ? ಎರಡು ಗುರುತು ಸಾಕು. ಒಂದು, ಜನಿವಾರ. ಅದು ಎಡ ಹೆಗಲಿನಿಂದ ಬಲ ಸೊಂಟದ ಕಡೆಗೆ ಇಳಿಯುತ್ತೆ. ಅಂದ್ರೆ ನೋಡೋರ ಬಲಗಡೆಯ ಹೆಗಲಿಂದ ಶುರುವಾಗಬೇಕು. ಫೋಟೋದಲ್ಲಿ ಅದು ನಿಮ್ಮ ಎಡಗಡೆಯ ಹೆಗಲಿನಲ್ಲಿದ್ದರೆ ಚಿತ್ರ ತಿರುಗಿರೋ ಸಾಧ್ಯತೆ ಹೆಚ್ಚು. ಎರಡು, ಪೀಠದ ಅಕ್ಷರಗಳು. ಹಳಗನ್ನಡ ಓದೋಕೆ ಬರದಿದ್ದರೂ ಪರವಾಗಿಲ್ಲ, ಮೂಲ ಫೋಟೋ ಪಕ್ಕ ಇಟ್ಟು ನೋಡಿದರೆ ಅಕ್ಷರ ಉಲ್ಟಾ ಆಗಿರೋದು ತಿಳಿಯುತ್ತೆ. ಇಂಟರ್ನೆಟ್ಟಿನಿಂದ ತಗೊಂಡ ಚಿತ್ರಗಳನ್ನಂತೂ ಈ ಪರೀಕ್ಷೆ ಮಾಡದೆ ಬಳಸಲೇಬೇಡಿ.

ಕೈ ಮುರಿದಿದ್ದರೆ?

ಗೋಡೆಯ ಮೇಲಿನ ಎಲ್ಲ ಶಿಲ್ಪಗಳೂ ಪಠ್ಯಪುಸ್ತಕದ ಹಾಗೆ ಇರೋದಿಲ್ಲ. ಕೈ ಮುರಿದಿರುತ್ತೆ, ಕೈಯಲ್ಲಿದ್ದದ್ದು ಉದುರಿರುತ್ತೆ. ಇಲ್ಲಿ ಬಹಳ ಜನ ಊಹೆ ಮಾಡಿ ಹೆಸರು ಬರೆದುಬಿಡ್ತಾರೆ. ಆದರೆ ಎಷ್ಟು ಊಹೆ ಮಾಡಬಹುದು ಅನ್ನೋದಕ್ಕೂ ಲೆಕ್ಕ ಇದೆ.

ಒಂದು ವಸ್ತು ಮಾತ್ರ ಹೋಗಿದ್ದರೆ, ಉಳಿದ ಮೂರನ್ನು ನೋಡಿ ನಾಲ್ಕನೆಯದನ್ನು ಹೇಳಬಹುದು. ಎರಡು ಹೋಗಿದ್ದರೆ ಎರಡು ಹೆಸರು ಸಾಧ್ಯ. ಮೂರು ಹೋಗಿದ್ದರೆ ಆರು. ಮೇಲಿನ ಎರಡು ಕೈಗಳಲ್ಲಿ ಶಂಖ ಮತ್ತು ಚಕ್ರ ಸರಿಯಾಗಿವೆ, ಕೆಳಗಿನ ಎರಡೂ ಕೈ ಮುರಿದಿವೆ ಅಂದುಕೊಳ್ಳಿ. ಕೆಳಗಿನ ಬಲಗೈಯಲ್ಲಿ ಪದ್ಮ ಇದ್ದಿದ್ದರೆ ಕೇಶವ, ಗದೆ ಇದ್ದಿದ್ದರೆ ಬೇರೆ ಮೂರ್ತಿ. ಆಗ ಮುರಿದ ಜಾಗವನ್ನೇ ನೋಡಬೇಕು. ಕೆಳಗೆ ಇಳಿಬಿಟ್ಟ ಗದೆ ಪೀಠಕ್ಕೋ ಹಿಂಬದಿಯ ಕಲ್ಲಿಗೋ ಅಂಟಿಕೊಂಡಿದ್ದರೆ ಅಲ್ಲೊಂದು ಕಲೆ, ಒಂದು ಉಬ್ಬು ಉಳಿದಿರುತ್ತೆ. ಬೆರಳಲ್ಲಿ ಹಿಡಿದ ಮೊಗ್ಗು ಉದುರಿದರೆ ಅಂಥ ಗುರುತು ಉಳಿಯೋದಿಲ್ಲ. ಗುರುತು ಸಿಕ್ಕರೆ ಅದರ ಫೋಟೋ ಹಾಕಿ. ಸಿಗದಿದ್ದರೆ ಎರಡೂ ಹೆಸರು ಬರೆಯಿರಿ.

ಇನ್ನೊಂದು ಸೂಕ್ಷ್ಮ ಇದೆ. 'ಮೂರು ಕಂಡರೆ ನಾಲ್ಕನೆಯದು ಗೊತ್ತು' ಅನ್ನೋ ಲೆಕ್ಕ ನಡೆಯೋದು ಆ ಶಿಲ್ಪ ಈ 24ರ ಗುಂಪಿಗೆ ಸೇರಿದ್ದು ಅಂತಾದರೆ ಮಾತ್ರ. ದಕ್ಷಿಣದ ಎಷ್ಟೋ ವಿಷ್ಣು ಪ್ರತಿಮೆಗಳಲ್ಲಿ ಕೆಳಗಿನ ಬಲಗೈ ಅಭಯ ಮುದ್ರೆಯಲ್ಲಿ ಇರುತ್ತೆ, ಯಾವ ವಸ್ತುವನ್ನೂ ಹಿಡಿದಿರೋದಿಲ್ಲ. ಹಾಗಾಗಿ ಆ ಒಂದು ಕೈ ಮುರಿದಿದ್ದರೆ ಲೆಕ್ಕದ ಮೇಲೆ ಪೂರ್ತಿ ಭಾರ ಹಾಕೋ ಹಾಗಿಲ್ಲ. ಪೋಸ್ಟರಿನಲ್ಲಿ ಇದಕ್ಕೊಂದು ಗುರುತು ಇಟ್ಟುಕೊಳ್ಳಿ: ಕಣ್ಣಿಗೆ ಕಂಡದ್ದಕ್ಕೆ ತುಂಬಿದ ವೃತ್ತ, ಲೆಕ್ಕದಿಂದ ಹೇಳಿದ್ದಕ್ಕೆ ಖಾಲಿ ವೃತ್ತ, ಗೊತ್ತಾಗದ್ದಕ್ಕೆ ಪ್ರಶ್ನೆ ಚಿಹ್ನೆ.

ಯಾವ ಪುಸ್ತಕದ ಹೆಸರು?

ಈಗ ಪುಸ್ತಕದಲ್ಲಿ ನಾಲ್ಕು ನಾಲ್ಕು ವಸ್ತುಗಳ ಸಾಲುಗಳಿವೆ. ಅವಕ್ಕೆ ಹೆಸರು ಕೊಡೋಕೆ ಒಂದು ಪಟ್ಟಿ ಬೇಕು. ಸಾಮಾನ್ಯವಾಗಿ ವಿದ್ಯಾರ್ಥಿಗಳ ಕೈಗೆ ಸಿಗೋದು 'ರೂಪಮಂಡನ'ದ ಪಟ್ಟಿ. ಟಿ.ಎ. ಗೋಪಿನಾಥ ರಾವ್ ಅವರು 1914ರಿಂದ ಪ್ರಕಟಿಸಿದ ಇಂಗ್ಲಿಷ್ ಸಂಪುಟಗಳ ಮೂಲಕ ಈ ಪಟ್ಟಿ ಎಲ್ಲೆಡೆ ಹರಡಿದೆ. ನಾನು ಮೇಲೆ ಕೊಟ್ಟ ನಾಲ್ಕು ಸಾಲುಗಳೂ ಆ ಪಟ್ಟಿಗೆ ಹೊಂದುತ್ತವೆ.

ಆದರೆ ರೂಪಮಂಡನ ಬರೆದದ್ದು ಸೂತ್ರಧಾರ ಮಂಡನ. ಅವನು 15ನೇ ಶತಮಾನದವನು, ಮೇವಾಡದ ರಾಣಾ ಕುಂಭನ ಆಶ್ರಯದಲ್ಲಿದ್ದವನು. ಅಂದ್ರೆ ಸೋಮನಾಥಪುರದ ಶಿಲ್ಪಿಗಳು ಉಳಿ ಕೆಳಗಿಟ್ಟು ಹೆಚ್ಚುಕಡಿಮೆ ಇನ್ನೂರು ವರ್ಷ ಆದ ಮೇಲೆ, ಇಂದಿನ ರಾಜಸ್ಥಾನದಲ್ಲಿ ಹುಟ್ಟಿದ ಪುಸ್ತಕ ಅದು. ಇವರು ಅದನ್ನು ಓದಿರೋಕೆ ಸಾಧ್ಯವೇ ಇಲ್ಲ. ಅಗ್ನಿಪುರಾಣದಲ್ಲೂ ಇಂಥ ಪಟ್ಟಿ ಇದೆ. ಎಲ್ಲ ಪಟ್ಟಿಗಳೂ ಎಲ್ಲ 24 ಹೆಸರುಗಳ ವಿಷಯದಲ್ಲಿ ಒಂದಕ್ಕೊಂದು ಒಪ್ಪೋದಿಲ್ಲ. ಒಂದು ಪಟ್ಟಿಯಲ್ಲಿ ಒಂದು ಹೆಸರಿಗಿರೋ ಕ್ರಮ ಇನ್ನೊಂದರಲ್ಲಿ ಬೇರೆ ಹೆಸರಿಗೆ ಹೋಗಿರಬಹುದು.

ಹಾಗಂತ ರೂಪಮಂಡನ ಬಿಸಾಕಬೇಕಾಗಿಲ್ಲ. ಎರಡು ಕಾಲಂ ಮಾಡಿ. ಮೊದಲನೆಯದರಲ್ಲಿ ಕಲ್ಲಿನಲ್ಲಿ ಕಂಡ ಕ್ರಮ, ಎರಡನೆಯದರಲ್ಲಿ 'ರೂಪಮಂಡನದ ಪ್ರಕಾರ ಹೆಸರು' ಅಂತ ಸ್ಪಷ್ಟವಾಗಿ ಬರೆದು ಹೆಸರು. ಆಗ ಹೆಸರಿನ ಬಗ್ಗೆ ಯಾರಿಗಾದರೂ ತಕರಾರಿದ್ದರೂ ನಿಮ್ಮ ಮೊದಲ ಕಾಲಂ ಅಲುಗಾಡೋದಿಲ್ಲ. ಶಿಲ್ಪಶಾಸ್ತ್ರ ಅಂದ್ರೆ ಕಾಲದೇಶ ಇಲ್ಲದ ಒಂದೇ ಗ್ರಂಥ, ಎಲ್ಲ ಶಿಲ್ಪಿಗಳೂ ಅದನ್ನು ನೋಡಿಯೇ ಕೆತ್ತಿದರು ಅನ್ನೋ ಸೋಮಾರಿ ಕಲ್ಪನೆಗೂ ಈ ಎರಡು ಕಾಲಂ ಉತ್ತರ ಕೊಡುತ್ತೆ.

ಹಾಳೆಗೆ ಇಳಿಸೋದು

ಸಂಕಿರಣಗಳು ಸಾಮಾನ್ಯವಾಗಿ ಕೇಳೋದು ಎ0 ಅಳತೆ: 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. ಅದನ್ನು ಮೂರು ಭಾಗ ಮಾಡಿಕೊಳ್ಳಿ. ಮೇಲಿನ ಭಾಗದಲ್ಲಿ ಪ್ರಶ್ನೆ ಮತ್ತು ಒಂದೇ ವಾಕ್ಯದ ಉತ್ತರ. ನಡುವೆ, ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ, ಓದೋ ಕ್ರಮದ ಒಂದು ದೊಡ್ಡ ರೇಖಾಚಿತ್ರ ಮತ್ತು ಅದನ್ನು ಹಚ್ಚಿ ತೋರಿಸೋ ನಾಲ್ಕೇ ನಾಲ್ಕು ಫೋಟೋ. ಕೆಳಗೆ ಎಲ್ಲ ಶಿಲ್ಪಗಳ ಪಟ್ಟಿ, ಅನುಮಾನ ಇರೋವೂ ಸೇರಿ. 24 ಫೋಟೋ ತುಂಬಬೇಡಿ. ಅಂಚೆಚೀಟಿಯಷ್ಟು ದೊಡ್ಡ ಚಿತ್ರದಲ್ಲಿ ಪದ್ಮ ಯಾವುದು ಶಂಖ ಯಾವುದು ಅಂತ ಯಾರಿಗೂ ಕಾಣೋದಿಲ್ಲ.

ರೇಖಾಚಿತ್ರ ಅಂದ್ರೆ ಒಂದು ಮೈಯ ಹೊರಗೆರೆ, ಸುತ್ತ ನಾಲ್ಕು ವೃತ್ತ, ಕೆಳಗಿನ ಬಲಗೈಯಿಂದ ಹೊರಟ ಒಂದು ಬಾಣ. ವೃತ್ತಗಳಿಗೆ ಬಣ್ಣ ಹಚ್ಚಿದರೂ ಒಳಗೆ ಪ, ಶಂ, ಚ, ಗ ಅಂತ ಅಕ್ಷರವನ್ನೂ ಬರೆಯಿರಿ. ಬಣ್ಣ ಗುರುತಿಸೋಕೆ ಕಷ್ಟ ಇರೋರಿಗೂ, ಕಪ್ಪುಬಿಳುಪು ಜೆರಾಕ್ಸಿಗೂ ಅದು ಬೇಕಾಗುತ್ತೆ. 'ದೇವರ ಬಲ' ಅಂತ ಒಂದು ಬದಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಆ ಎರಡು ಪದ ಅರ್ಧ ಗೊಂದಲ ತಪ್ಪಿಸುತ್ತೆ.

ಫೋಟೋ 30 ಸೆಂ.ಮೀ. ಅಗಲಕ್ಕೆ ಬರಬೇಕಾದರೆ, ಇಂಚಿಗೆ 150 ಚುಕ್ಕಿಯ ಲೆಕ್ಕದಲ್ಲಿ ಸುಮಾರು 1770 ಪಿಕ್ಸೆಲ್ ಅಗಲ ಬೇಕು. ಫೋನ್ ಕ್ಯಾಮೆರಾ ಇದನ್ನು ಸಲೀಸಾಗಿ ಕೊಡುತ್ತೆ. ಆದರೆ ಅದೇ ಫೋಟೋವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿಹೋಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ಲಿನಲ್ಲಿ ಹಾಕಿಕೊಳ್ಳಿ.

ಕನ್ನಡದಲ್ಲಿ ಪೋಸ್ಟರ್ ಮಾಡೋರಿಗೆ ಇನ್ನೊಂದು ತಲೆನೋವು ಅಕ್ಷರಗಳದ್ದು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿಬಿಡುತ್ತೆ. ಶುರುವಿನಿಂದಲೇ ಯೂನಿಕೋಡ್ ಬಳಸಿ. ಅಡೋಬಿ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ World-Ready Composer ಆರಿಸಿಕೊಳ್ಳಿ. 'ಚತುರ್ವಿಂಶತಿ', 'ವಿಷ್ಣು' ಅನ್ನೋ ಎರಡು ಪದ ಸರಿ ಬಂದಿದೆಯಾ ನೋಡಿದರೆ ಅರ್ಕಾವತ್ತು, ಒತ್ತು ಎರಡರ ಪರೀಕ್ಷೆಯೂ ಆಗುತ್ತೆ. ಒತ್ತುಗಳು ಕೆಳಗಿನ ಸಾಲಿಗೆ ತಾಗದ ಹಾಗೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

ಕೊನೆಯ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಎ0 ಹಾಳೆಯ ಉದ್ದಗಲ ಎ4ರ ನಾಲ್ಕರಷ್ಟು. ಹಾಗಾಗಿ ಇಡೀ ಪೋಸ್ಟರನ್ನು ಒಂದು ಎ4 ಹಾಳೆಗೆ ಕುಗ್ಗಿಸಿ ಪ್ರಿಂಟ್ ತೆಗೆದರೆ 28 ಪಾಯಿಂಟಿನ ಅಕ್ಷರ 7 ಪಾಯಿಂಟಾಗುತ್ತೆ. ಕೈಯಲ್ಲಿ ಹಿಡಿದ ಆ ಹಾಳೆಯಲ್ಲಿ ಓದೋಕಾಗದ್ದು ನಾಲ್ಕು ಪಟ್ಟು ದೂರದಿಂದ ದೊಡ್ಡ ಹಾಳೆಯಲ್ಲೂ ಓದೋಕಾಗೋದಿಲ್ಲ. ಅದೇ ಎ4 ಹಾಳೆ ಹಿಡಿದು, ಪ್ರತಿ ಫೋಟೋದ ಕೈಗಳನ್ನೂ ಇನ್ನೊಮ್ಮೆ ಎಣಿಸಿ ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ. ಯಾವುದಾದರೂ ಫ್ಲಿಪ್ ಆಗಿದ್ದರೆ ಸಿಕ್ಕಿಬೀಳೋದು ಇಲ್ಲೇ.

ಪೀಠದ ಮೇಲಿನ ಹೆಸರು

ಫೋಟೋ ಕತ್ತರಿಸುವಾಗ ಮೊದಲು ಹೋಗೋದು ಪೀಠ. ದೇವರ ಪಾದದ ಕೆಳಗೆ ಏನಿದೆ ಮಹಾ, ಜಾಗ ಉಳಿಯುತ್ತೆ ಅಂತ. ಸೋಮನಾಥಪುರದಲ್ಲಿ ಹಾಗೆ ಮಾಡಿದರೆ ನೀವು ಕತ್ತರಿಸಿ ಎಸೆಯೋದು ಶಿಲ್ಪಿಯ ಸಹಿಯನ್ನೇ ಆಗಿರಬಹುದು. ಇಲ್ಲಿನ ಹಲವಾರು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರು ಇದೆ. ಎಲ್ಲಕ್ಕಿಂತ ಹೆಚ್ಚು ಸಲ ಕಾಣೋದು ಮಲ್ಲಿತಮ್ಮನ ಹೆಸರು. ಇದೊಂದೇ ಗುಡಿಯ ವಿಶೇಷ ಅಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಸಹಿ ಹಾಕಿದ್ದಾರೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1917ರಲ್ಲೇ ಸೋಮನಾಥಪುರದ ಮೇಲೆ ಪುಸ್ತಕ ತಂದು ಈ ಸಹಿಗಳನ್ನು ದಾಖಲಿಸಿದ್ದರು. ಆದರೂ ನೂರು ವರ್ಷದ ನಂತರದ ಪೋಸ್ಟರ್‌ಗಳಲ್ಲಿ 'ಅನಾಮಿಕ ಶಿಲ್ಪಿಗಳು' ಅನ್ನೋ ಸಾಲು ಬರುತ್ತಲೇ ಇದೆ. ಕಟ್ಟಿಸಿದ ದಂಡನಾಯಕನ ಹೆಸರು, ಆಳುತ್ತಿದ್ದ ದೊರೆಯ ಹೆಸರು ಎಲ್ಲರಿಗೂ ಗೊತ್ತು. ಉಳಿ ಹಿಡಿದವನು ಕಲ್ಲಿನ ಮೇಲೆ ಹೆಸರು ಬರೆದಿಟ್ಟರೂ ಅನಾಮಿಕನಾಗೇ ಉಳಿದಿದ್ದಾನೆ.

ಶಿಲ್ಪಿಗೆ ಹಳಗನ್ನಡದ ಪದ 'ರೂವಾರಿ'. ಇವತ್ತು ಆ ಪದವನ್ನು ಯೋಜನೆಗಳ ರೂವಾರಿ, ಗೆಲುವಿನ ರೂವಾರಿ ಅಂತ ರಾಜಕಾರಣಿಗಳಿಗೆ ಕೊಟ್ಟುಬಿಟ್ಟಿದ್ದೇವೆ. ಪೋಸ್ಟರಿನ ಪಟ್ಟಿಯಲ್ಲಿ ಒಂದು ಕಾಲಂ ಸೇರಿಸಿ ಅದನ್ನು ವಾಪಸ್ ಪಡೆಯಬಹುದು: ಶಿಲ್ಪದ ನಂಬರು, ಕಂಡ ಕ್ರಮ, ಗ್ರಂಥದ ಪ್ರಕಾರ ಹೆಸರು, ರೂವಾರಿ. ಸಹಿ ಇಲ್ಲದ ಕಡೆ 'ಸಹಿ ಇಲ್ಲ' ಅಂತಲೇ ಬರೆಯಿರಿ. ಪಕ್ಕದ ಶಿಲ್ಪದ ಹಾಗೆ ಕಾಣುತ್ತೆ ಅಂತ ಮಲ್ಲಿತಮ್ಮನ ಲೆಕ್ಕಕ್ಕೆ ಸೇರಿಸಬೇಡಿ. ಹೆಸರು ನೋಡಿ ಅವನ ಜಾತಿ ಯಾವುದಿರಬಹುದು ಅಂತ ಊಹಿಸೋ ಚಪಲವೂ ಬೇಡ, ಆ ಎರಡು ಮೂರು ಅಕ್ಷರದ ಸಹಿ ಅಷ್ಟು ದೂರದ ಮಾತು ಹೇಳೋದಿಲ್ಲ.

ಈ ನಾಲ್ಕು ಕಾಲಂ ತುಂಬಿದ ಮೇಲೆ ಹೊಸ ಪ್ರಶ್ನೆಯೊಂದು ತಾನಾಗಿ ಏಳುತ್ತೆ. ಒಬ್ಬನೇ ರೂವಾರಿ ಸಹಿ ಹಾಕಿದ ಶಿಲ್ಪಗಳಲ್ಲಿ ಗದೆ ಕೆತ್ತಿದ ರೀತಿ, ಮೊಗ್ಗು ಹಿಡಿದ ಬೆರಳು ಒಂದೇ ತರಹ ಇದೆಯಾ? ಇನ್ನೊಬ್ಬನ ಕೈಯಲ್ಲಿ ಅದು ಬದಲಾಗುತ್ತಾ? ಮುಂದಿನ ವರ್ಷದ ಪೋಸ್ಟರಿಗೆ ಅದೇ ಗೋಡೆ, ಅದೇ ಪುಸ್ತಕ ಸಾಕು.